ಮೂರೇ ದಿನಕ್ಕೆ ನಿಂತ ಗುಳಿಗೆ

ಜೂನ್ ತಿಂಗಳ ಒಂದು ಮಧ್ಯಾಹ್ನ, ಜೋರು ಮಳೆಯಲ್ಲಿ ಗಂಡ ಹೆಂಡತಿ ಇಬ್ಬರೂ ನನ್ನ ಹತ್ತಿರ ಬಂದರು. ಗಂಡನನ್ನು ಮಂಜುನಾಥ ಎಂದು ಕರೆಯೋಣ. ಹೆಸರು, ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ. ಕಾರವಾರದ ಬೈತಖೋಲ ಬಂದರಿನಲ್ಲಿ ಒಂದು ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಬೋಟ್ ನಡೆಸುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಹಾಗಾಗಿ ಮನೆಯಲ್ಲೇ ಇದ್ದರು. ಹೆಂಡತಿ ಚೀಲದಿಂದ ಒಂದು ಮಾತ್ರೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಹತ್ತರಲ್ಲಿ ಮೂರು ಖಾಲಿ.

"ಮೂರು ದಿನ ತಗೊಂಡ್ರು ಅಕ್ಕೋರೆ. ಆಮೇಲೆ ಮುಟ್ಟಲೇ ಇಲ್ಲ. ಗುಳಿಗೆ ತಗೊಂಡ ಮೇಲೇ ಜಾಸ್ತಿ ಆಯ್ತು ಅಂತಾರೆ."

ಶುರುವಾಗಿದ್ದು ಮಾರ್ಚ್‌ನಲ್ಲಿ, ಬೋಟಿನ ಮೇಲೆ. ಇದ್ದಕ್ಕಿದ್ದಂತೆ ಎದೆ ಡವಡವ, ಕೈ ಜೋಮು, ಉಸಿರು ಸಿಗದ ಹಾಗೆ, ಈಗಲೇ ಸತ್ತೆ ಎನ್ನುವ ಭಯ. ದಡಕ್ಕೆ ಬರುವಷ್ಟರಲ್ಲಿ ಎಲ್ಲ ಇಳಿದಿತ್ತು. ಮೂರು ತಿಂಗಳಲ್ಲಿ ನಾಲ್ಕು ಸಲ ಇಸಿಜಿ, ಒಂದು ಎಕೋ, ಥೈರಾಯ್ಡ್ ಪರೀಕ್ಷೆ. ಎಲ್ಲವೂ ಸರಿ. ಕೊನೆಗೆ ಮನೋವೈದ್ಯರು ಪ್ಯಾನಿಕ್ ಡಿಸಾರ್ಡರ್ ಎಂದು ಹೇಳಿ ಎರಡು ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಎಸ್ಸಿಟಾಲೊಪ್ರಾಮ್ 5 ಮಿಲಿಗ್ರಾಂ, ರಾತ್ರಿ ಕ್ಲೋನಜೆಪಾಮ್ 0.25. ಜೊತೆಗೆ ಎರಡು ಪುಟದ ಒಂದು ಪತ್ರ. ಈ ಡಾಕ್ಟರು ಹೊಸ ರೋಗಿಗಳಿಗೆಲ್ಲ ಕನ್ನಡದಲ್ಲೇ ಬರೆದು ಕೊಡುತ್ತಾರೆ. ಒಳ್ಳೆಯ ಅಭ್ಯಾಸ. ಆದರೆ ಓದಬೇಕಲ್ಲ! ಪತ್ರ ನಾಲ್ಕು ಮಡಿಕೆಯಾಗಿ ಪರ್ಸಿನಲ್ಲೇ ಕೂತಿತ್ತು.

ನಾವು ಮೂವರೂ ಕೂತು ಅದನ್ನು ಗಟ್ಟಿಯಾಗಿ ಓದಿದೆವು. ಮೊದಲ ಪುಟದಲ್ಲಿ ಹೀಗಿತ್ತು:

"ಈ ಮಾತ್ರೆ ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಗುಣ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಆರು ವಾರ. ತೊಂದರೆ ಮಾತ್ರ ಮೊದಲ ದಿನದಿಂದಲೇ ಕಾಣಬಹುದು. ಹೊಟ್ಟೆ ತೊಳಸಿದ ಹಾಗಾಗುವುದು, ತಲೆನೋವು, ತೆಳ್ಳಗೆ ಭೇದಿ, ಬೆವರು, ನಿದ್ದೆ ಕೆಡುವುದು. ನಿಮ್ಮ ಕಾಯಿಲೆಯವರಿಗೆ ಮೊದಲ ವಾರ ಚಡಪಡಿಕೆ, ಹೆದರಿಕೆ ಸ್ವಲ್ಪ ಜಾಸ್ತಿಯೂ ಆಗಬಹುದು. ಅದಕ್ಕೇ 5 ಮಿಲಿಗ್ರಾಂನಿಂದ ಶುರು ಮಾಡಿದ್ದೇನೆ. ಹೆಚ್ಚಿನವರಿಗೆ ಇವು ಒಂದೆರಡು ವಾರದಲ್ಲಿ ಇಳಿಯುತ್ತವೆ."

ಮಂಜುನಾಥ ಅಲ್ಲಿಗೇ ನಿಲ್ಲಿಸಿದರು. "ಹಾಗಾದ್ರೆ ಇದು ಮೊದಲೇ ಗೊತ್ತಿತ್ತಾ ಅವರಿಗೆ?"

ಗೊತ್ತಿತ್ತು. ಕಾರಣ ಇಷ್ಟು. ಮಿದುಳಿನ ಜೀವಕೋಶಗಳು ತಮ್ಮ ನಡುವೆ ಸೆರೊಟೊನಿನ್ ಎಂಬ ರಾಸಾಯನಿಕವನ್ನು ಬಿಟ್ಟು, ಮತ್ತೆ ಹೀರಿಕೊಳ್ಳುತ್ತವೆ. ಮಾತ್ರೆ ಆ ಹೀರುವಿಕೆಯನ್ನು ಮೊದಲ ದಿನವೇ ತಡೆಯುತ್ತದೆ. ಆದರೆ ಹೆಚ್ಚಾದ ಸೆರೊಟೊನಿನ್‌ಗೆ ಕೋಶಗಳು ಹೊಂದಿಕೊಳ್ಳಲು ವಾರಗಳೇ ಬೇಕು. ಕರುಳಿನಲ್ಲೂ ಸೆರೊಟೊನಿನ್ ಬೇಕಾದಷ್ಟಿದೆ, ಹಾಗಾಗಿ ಹೊಟ್ಟೆ ಮೊದಲು ದೂರು ಕೊಡುತ್ತದೆ. ಇಷ್ಟಾದರೂ ಬೇರೆಯವರು ಸಹಿಸಿಕೊಂಡುಬಿಡುತ್ತಾರೆ. ಪ್ಯಾನಿಕ್ ಇರುವವರ ಕತೆ ಬೇರೆ. ಮೂರು ತಿಂಗಳಿಂದ ಎದೆಬಡಿತವನ್ನೇ ಕಾಯುತ್ತಾ ಕೂತವರಿಗೆ ಸಣ್ಣ ಚಡಪಡಿಕೆಯೂ ಹೃದಯಾಘಾತದ ಹಾಗೆ ಕೇಳಿಸುತ್ತದೆ.

ಅದಕ್ಕೆ ಅವರಿಗೆ ಒಂದು ಪುಸ್ತಕ ಕೊಟ್ಟು, ಎರಡು ಬಗೆಯ ತೊಂದರೆಯನ್ನು ಬೇರೆ ಬೇರೆ ಬರೆಯಲು ಹೇಳಿದೆ. ಪ್ಯಾನಿಕ್ ಅಟ್ಯಾಕ್ ತೆರೆಯ ಹಾಗೆ: ಥಟ್ಟನೆ ಏಳುತ್ತದೆ, ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿದುಹೋಗುತ್ತದೆ. ಮಾತ್ರೆಯ ಚಡಪಡಿಕೆಗೆ ತುದಿ ಇಲ್ಲ. ಗಂಟೆಗಟ್ಟಲೆ ಒಂದೇ ಸಮ ಇರುತ್ತದೆ, ಕೂತಲ್ಲಿ ಕೂರಲು ಬಿಡುವುದಿಲ್ಲ. ತೆರೆಯ ಮಾತು ತಾಂಡೇಲರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಹಿಂದಿನ ವಾರದ್ದನ್ನು ನೆನಪು ಮಾಡಿ ಅವರೇ ಲೆಕ್ಕ ಹಾಕಿದರು. ಆ ಮೂರು ದಿನದಲ್ಲಿ ನಿಜವಾದ ಅಟ್ಯಾಕ್ ಒಂದೇ. ಉಳಿದದ್ದೆಲ್ಲ ಚಡಪಡಿಕೆ, ವಾಕರಿಕೆ.

ಆದರೆ ಮಾತ್ರೆಯ ವಿಷಯ ನಾನು ತೀರ್ಮಾನಿಸುವಂಥದ್ದಲ್ಲ. ಅವರ ಎದುರಿಗೇ ಡಾಕ್ಟರಿಗೆ ಫೋನ್ ಮಾಡಿದೆ. ಡಾಕ್ಟರು ಇನ್ನೂ ಕೆಳಗಿಳಿದರು. ನಾಲ್ಕು ದಿನ 5ರ ಮಾತ್ರೆಯಲ್ಲಿ ಅರ್ಧ, ಆಮೇಲೆ ಹತ್ತು ದಿನ ಪೂರ್ತಿ, ನಂತರ 10 ಮಿಲಿಗ್ರಾಂ. ಬರೀ ಹೊಟ್ಟೆಯಲ್ಲಿ ಬೇಡ, ಬೆಳಗಿನ ಗಂಜಿ ಆದ ಮೇಲೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವ ಹಾಗಿಲ್ಲ. ರಾತ್ರಿಯ ಕ್ಲೋನಜೆಪಾಮ್ ಎರಡು ವಾರ ಮಾತ್ರ. ಅದು ಮೊದಲ ಮಾತ್ರೆ ಕೆಲಸ ಶುರು ಮಾಡುವವರೆಗಿನ ಆಸರೆ. ಹಿಡಿಸುತ್ತದೆ ಅಂತ ಮುಂದುವರಿಸಿದರೆ ಅದೇ ಅಭ್ಯಾಸವಾಗಿಬಿಡುತ್ತದೆ. ತಗೊಂಡ ಮೇಲೆ ಬೈಕ್ ಮುಟ್ಟಬಾರದು, ಹೆಂಡ ಅಂತೂ ಬೇಡವೇ ಬೇಡ.

ಎರಡನೇ ಪುಟದಲ್ಲಿ ಒಂದು ಸಾಲು ನನಗೆ ತುಂಬ ಮುಖ್ಯ ಅನ್ನಿಸಿತು. ಬಲೆ ಎಳೆಯುವವರು ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ನುಂಗುವುದು ನಮ್ಮ ಕಡೆ ಮಾಮೂಲು. ಡಾಕ್ಟರು ಬರೆದಿದ್ದರು: ಡೈಕ್ಲೊಫೆನಾಕ್, ಐಬುಪ್ರೊಫೆನ್ ಎಸ್ಸಿಟಾಲೊಪ್ರಾಮ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಸಂಭವ ಹೆಚ್ಚು. ಟ್ರಮಡಾಲ್ ಅಂತೂ ಕೂಡದು. ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು. ಹೆಂಡತಿ ತಕ್ಷಣ ಗಂಡನ ಮುಖ ನೋಡಿದರು. ಮನೆಯ ಡಬ್ಬಿಯಲ್ಲಿ ಡೈಕ್ಲೊಫೆನಾಕ್ ಪಟ್ಟಿ ಇತ್ತಂತೆ.

ಯಾವಾಗ ಕಾಯಬಾರದು ಎಂಬುದನ್ನು ಹೆಂಡತಿಗೆ ಬೇರೆಯಾಗಿ ಹೇಳಿದೆ, ಯಾಕೆಂದರೆ ಆ ಹೊತ್ತಿನಲ್ಲಿ ರೋಗಿಗೆ ತಾನೇ ಗೊತ್ತಾಗುವುದಿಲ್ಲ. ಸಾಯುವ ಮಾತು ಬಂದರೆ. ನಿದ್ದೆಯೇ ಇಲ್ಲದೆ ವಿಪರೀತ ಹುರುಪು, ಮಾತು ಜಾಸ್ತಿಯಾದರೆ. ಜ್ವರ, ನಡುಕ, ಮೈ ಬಿಗಿತ, ಗಲಿಬಿಲಿ ಒಟ್ಟಿಗೆ ಕಂಡರೆ. ಮಲ ಕಪ್ಪಗಾದರೆ. ತಲೆ ತಿರುಗಿ ಬಿದ್ದರೆ. ಇವಕ್ಕೆಲ್ಲ ಅದೇ ದಿನ ಆಸ್ಪತ್ರೆ. ರಾತ್ರಿ ಯಾರನ್ನು ಕೇಳುವುದು ಎಂದು ತೋಚದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಸಲದ ಮೊದಲ ವಾರವೂ ಸುಲಭವಾಗಿರಲಿಲ್ಲ. ಪುಸ್ತಕದಲ್ಲಿ "ಚಡಪಡಿಕೆ, ಬೆಳಿಗ್ಗೆ 10ರಿಂದ 2" ಎಂದು ಐದು ದಿನ ಸತತ ಇದೆ. 10 ಮಿಲಿಗ್ರಾಂಗೆ ಏರಿದ ದಿನ ಮತ್ತೆ ಸ್ವಲ್ಪ ವಾಕರಿಕೆ. ಜುಲೈ ಎರಡನೇ ವಾರದಿಂದ ಸಾಲುಗಳು ಕಡಿಮೆಯಾಗುತ್ತಾ ಬಂದವು. ಅವರು ಗಮನಿಸಿದ ಮೊದಲ ಬದಲಾವಣೆ ಅಟ್ಯಾಕ್ ನಿಂತದ್ದಲ್ಲ. "ನಾಡಿ ಹಿಡಿದು ನೋಡ್ಕೊಳ್ಳೋದೇ ಮರೆತುಹೋಯ್ತು" ಎಂದರು.

ಆಗ ಇನ್ನೊಂದು ಆಸೆ ಹುಟ್ಟಿತು, ಬಹಳ ಜನರಿಗೆ ಹುಟ್ಟುವಂಥದ್ದು: ಆರಾಮಾಯ್ತಲ್ಲ, ಬಿಟ್ಟುಬಿಡೋಣ್ವಾ? ಥಟ್ಟನೆ ಬಿಟ್ಟರೆ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದ ಹಾಗಾಗುವುದು ಇವೆಲ್ಲ ಬರಬಹುದು, ಕಾಯಿಲೆಯೂ ಮರಳಬಹುದು. ಪತ್ರದಲ್ಲಿ ಇದ್ದ ಲೆಕ್ಕ, ಆರಾಮಾದ ಮೇಲೂ ಆರರಿಂದ ಹನ್ನೆರಡು ತಿಂಗಳು, ಆಮೇಲೆ ನಿಧಾನವಾಗಿ ಇಳಿಸುವುದು.

ಆಗಸ್ಟ್‌ನಲ್ಲಿ, ಬೋಟ್ ಇಳಿಸುವ ಮೊದಲು, ಮಂಜುನಾಥ ಒಬ್ಬರೇ ಬಂದರು. ಸುಮ್ನೆ ಬಂದೆ ಎಂದರು. ಸ್ವಲ್ಪ ಹೊತ್ತು ಮಳೆ, ಡೀಸೆಲ್ ರೇಟು ಎಲ್ಲ ಆಯಿತು. ಆಮೇಲೆ ಪತ್ರ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು: "ಗಂಡ ಹೆಂಡತಿಯ ಸಂಬಂಧದಲ್ಲಿ ಆಸೆ ಕಡಿಮೆಯಾಗಬಹುದು, ವೀರ್ಯ ಬರುವುದು ತಡವಾಗಬಹುದು. ನಾಚಿಕೆ ಬಿಟ್ಟು ಹೇಳಿ." ಎಷ್ಟೋ ಗಂಡಸರು ಮಾತ್ರೆ ಬಿಡುವುದು ಇದೇ ಕಾರಣಕ್ಕೆ. ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ. ಇದು ವಾಕರಿಕೆಯ ಹಾಗೆ ತಾನಾಗಿ ಹೋಗುತ್ತದೆ ಎನ್ನಲಾಗದು, ಆದರೆ ದಾರಿ ಇದೆ, ಡೋಸ್ ಇಳಿಸಬಹುದು, ಬೇರೆ ಮಾತ್ರೆಗೆ ಬದಲಿಸಬಹುದು ಎಂದೆ. ಡಾಕ್ಟರಿಗೆ ಹೇಳಲು ಸಂಕೋಚವಾದರೆ ಆ ಸಾಲಿನ ಪಕ್ಕ ಪೆನ್ನಿನಿಂದ ಒಂದು ಗುರುತು ಹಾಕಿ ಕೊಟ್ಟರೂ ಸಾಕು.

ಅವರು ನನ್ನ ಪೆನ್ನನ್ನೇ ಕೇಳಿದರು.