ಮಿಂಚುಳ್ಳಿ ಬಂತೋ, ಬಂದನೋ? ಕಿರಿಯ ಕಾಮಿಕ್‌ಕಾರರಿಗೆ ಒಂದು ಉತ್ತರ

"ಮಾನ್ಯ ಸಂಪಾದಕರಿಗೆ, ನಾವು ಹರಿಹರದ ಮೂವರು ಗೆಳೆಯರು, ಹತ್ತನೇ ತರಗತಿಯವರು. ಕಪ್ಪು ಶಾಯಿಯಲ್ಲಿ ಬರೆದ ಹದಿನಾರು ಪುಟಗಳ ಕಾಮಿಕ್ ಒಂದನ್ನು ಕಳುಹಿಸುತ್ತಿದ್ದೇವೆ. ನಮ್ಮ ಸೂಪರ್‌ಹೀರೋ ಹೆಸರು ಥಂಡರ್ ಕಿಂಗ್. ಮನೆಯಲ್ಲಿ ಅವನು ಆರ್ಯನ್ ರಾಯ್. ತನ್ನ ಹೆಸರನ್ನು ತಾನೇ ಕೂಗಿದಾಗ ಅವನಿಗೆ ಶಕ್ತಿ ಬರುತ್ತದೆ. ಕತೆ ಚೆನ್ನಾಗಿದೆ, ಹೆಸರುಗಳು ಕೂಡಿಬಂದಿಲ್ಲ ಎಂದು ನಮ್ಮ ಕನ್ನಡ ಮೇಷ್ಟ್ರು ಹೇಳಿದರು. ಎರಡು ಹೆಸರೂ ಹೇಗಿದ್ದರೆ ಸರಿ? ಇದನ್ನು ಪ್ರಕಟಿಸುವಿರಾ?"

ಪ್ರಿಯ ಗೆಳೆಯರೇ,

ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಚಿತ್ರಗಳ ಬಗ್ಗೆ ನನ್ನ ತಕರಾರಿಲ್ಲ. ಐದನೇ ಪುಟದಲ್ಲಿ ಮರಳು ತೋಡಿದ ಗುಂಡಿಯ ಮೇಲೆ ನೀರು ಏನೂ ಅರಿಯದಂತೆ ತಿಳಿಯಾಗಿ ನಿಂತಿದೆಯಲ್ಲ, ಅದನ್ನು ತುಂಗಭದ್ರೆಯನ್ನು ದಿನವೂ ಕಂಡವರು ಮಾತ್ರ ಹಾಗೆ ಬರೆಯಬಲ್ಲರು. ತೊಂದರೆ ಇರುವುದು ನಿಮ್ಮ ಮೇಷ್ಟ್ರು ಹೇಳಿದ ಜಾಗದಲ್ಲೇ, ಮತ್ತು ಅದು ಮುಖಪುಟದಿಂದ ಕೊನೆಯ ಪುಟದವರೆಗೂ ಹಬ್ಬಿದೆ.

ಮುಖಪುಟವನ್ನು ಮುಚ್ಚಿ ಒಳಪುಟಗಳನ್ನು ಮಾತ್ರ ನೋಡಿ. ತೆಪ್ಪ ನಡೆಸುವವನ ಮಗನೊಬ್ಬ ದಡದಲ್ಲಿ ಅಲ್ಲಾಡದೆ ಕೂತು ನೀರನ್ನು ನೋಡುತ್ತಾನೆ, ಯಾರಿಗೂ ಕಾಣದ ಆಳ ಅವನಿಗೆ ಕಾಣುತ್ತದೆ, ಅವನು ನೆಟ್ಟಗೆ ಧುಮುಕುತ್ತಾನೆ, ಮುಳುಗುತ್ತಿರುವ ಮಗುವನ್ನು ಎತ್ತಿಕೊಂಡು ಮತ್ತೆ ಅದೇ ಬಂಡೆಗೆ ಮರಳುತ್ತಾನೆ. ಇದರಲ್ಲಿ ಗುಡುಗೆಲ್ಲಿದೆ, ರಾಜನೆಲ್ಲಿದ್ದಾನೆ? ನೀವು ಹೆಸರನ್ನು ಮೊದಲೇ ಆರಿಸಿಕೊಂಡು, ಎದೆಯ ಮೇಲೆ ಸಿಡಿಲಿನ ಗುರುತನ್ನೂ ಬಿಡಿಸಿಕೊಂಡು, ಆಮೇಲೆ ನಿಮಗೆ ನಿಜವಾಗಿ ಗೊತ್ತಿರುವ ಕತೆಯನ್ನು ಬರೆದಿರುವಿರಿ ಎಂದು ನನ್ನ ಊಹೆ. ಕತೆ ಹೆಸರನ್ನು ಬಿಟ್ಟು ಬೇರೆ ದಾರಿ ಹಿಡಿದಿದೆ, ಮತ್ತು ದಾರಿ ಹಿಡಿದ ಕತೆಯೇ ಸರಿಯಾಗಿದೆ.

ಶಕ್ತಿ ಬರುವ ಬಗೆಯಲ್ಲಿ ಇನ್ನೂ ದೊಡ್ಡ ತೊಡಕಿದೆ. ತನ್ನ ಹೆಸರನ್ನು ಕೂಗಿದರೆ ರೂಪ ಬದಲಾಗುವುದಾದರೆ, ಹನ್ನೆರಡನೇ ಪುಟದಲ್ಲಿ ಆ ಅಜ್ಜಿ "ನೀನು ಯಾರಪ್ಪಾ?" ಎಂದು ಕೇಳಿದಾಗ ಅವನು ಉತ್ತರ ಹೇಳಿ ಹೇಗೆ ಹಾಗೇ ಉಳಿದ? ನಿಮ್ಮ ನಿಯಮದಂತೆ ಅವನು ಅಲ್ಲೇ ಮತ್ತೆ ಆರ್ಯನ್ ಆಗಬೇಕಿತ್ತು. ಈ ಬಲೆಗೆ ನಿಮಗಿಂತ ಬಹಳ ಹಿಂದೆ ದೊಡ್ಡವರೇ ಬಿದ್ದಿದ್ದಾರೆ. 1940ರಲ್ಲಿ ಅಮೆರಿಕದ ಫಾಸೆಟ್ ಸಂಸ್ಥೆ ಕ್ಯಾಪ್ಟನ್ ಮಾರ್ವೆಲ್ ಎಂಬ ನಾಯಕನನ್ನು ತಂದಿತು. ಬಿಲ್ಲಿ ಬ್ಯಾಟ್ಸನ್ ಎಂಬ ಹುಡುಗ "ಶಜಾಮ್" ಎಂದು ಮಾಂತ್ರಿಕನ ಹೆಸರನ್ನು ಕೂಗಿದರೆ ಕ್ಯಾಪ್ಟನ್ ಮಾರ್ವೆಲ್ ಆಗುತ್ತಿದ್ದ. ಕೂಗುವ ಮಾತು ಒಂದು, ನಾಯಕನ ಹೆಸರು ಇನ್ನೊಂದು, ಆದ್ದರಿಂದ ತೊಂದರೆ ಇರಲಿಲ್ಲ. ಮರುವರ್ಷ ಅದೇ ಸಂಸ್ಥೆ ಕ್ಯಾಪ್ಟನ್ ಮಾರ್ವೆಲ್ ಜೂನಿಯರ್ ಎಂಬ ಇನ್ನೊಬ್ಬನನ್ನು ತಂದು, ಅವನಿಗೆ "ಕ್ಯಾಪ್ಟನ್ ಮಾರ್ವೆಲ್" ಎಂಬುದನ್ನೇ ಕೂಗುವ ಮಾತಾಗಿ ಕೊಟ್ಟಿತು. ಪರಿಣಾಮವಾಗಿ ಆ ಪಾಪದ ಹುಡುಗ ತಾನು ಯಾರೆಂದು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಹೆಸರಿನ ಅರ್ಧಕ್ಕೆ ಬರುವಷ್ಟರಲ್ಲಿ ರೂಪ ಬದಲಾಗುತ್ತಿತ್ತು.

ಆ ಕ್ಯಾಪ್ಟನ್ ಮಾರ್ವೆಲ್‌ಗೆ ಮೊದಲು ಇಟ್ಟಿದ್ದ ಹೆಸರು ಕ್ಯಾಪ್ಟನ್ ಥಂಡರ್. ಅದರ ಹಕ್ಕು ಸಿಗದೆ ಅಚ್ಚಿಗೆ ಹೋಗುವ ಮುನ್ನವೇ ಬದಲಾಯಿಸಬೇಕಾಯಿತು. ಮುಂದೆ 1953ರಲ್ಲಿ ಫಾಸೆಟ್ ಅವನ ಪುಸ್ತಕಗಳನ್ನು ನಿಲ್ಲಿಸಿತು, 1967ರಲ್ಲಿ ಮಾರ್ವೆಲ್ ಕಾಮಿಕ್ಸ್ ಕ್ಯಾಪ್ಟನ್ ಮಾರ್ವೆಲ್ ಎಂಬ ಅದೇ ಹೆಸರಿನಲ್ಲಿ ಬೇರೊಬ್ಬ ನಾಯಕನನ್ನು ತಂದಿತು, ಮತ್ತು 1973ರಲ್ಲಿ ಡಿಸಿ ಸಂಸ್ಥೆ ಹಳೆಯವನನ್ನು ಮತ್ತೆ ಕರೆತಂದಾಗ ಅವನದೇ ಪುಸ್ತಕಕ್ಕೆ ಅವನ ಹೆಸರಿಡಲಾಗದೆ "ಶಜಾಮ್" ಎಂದು ಹೆಸರಿಡಬೇಕಾಯಿತು. ಅಂದರೆ ನೀವು ಗುಡುಗು, ಮಿಂಚು, ಕ್ಯಾಪ್ಟನ್, ಕಿಂಗ್ ಇವುಗಳನ್ನು ಕೂಡಿಸಿ ಏನೇ ಮಾಡಿದರೂ ಅದು ಎಲ್ಲೋ ಯಾರದೋ ಆಗಿರುವ ಸಾಧ್ಯತೆ ಹೆಚ್ಚು. ನಿಮ್ಮ ಹೊಳೆಯ ದಂಡೆಯಿಂದ ಎತ್ತಿಕೊಂಡ ಹೆಸರಿಗೆ ಆ ಭಯ ಕಡಿಮೆ. ಆದರೂ ಒಮ್ಮೆ ಹುಡುಕಿ ನೋಡಿ.

ಕೂಗುವ ನಿಯಮವನ್ನು ಪೂರ್ತಿ ಕೈಬಿಡಿ ಎಂಬುದೇ ನನ್ನ ಸಲಹೆ. ಆರನೇ ಪುಟದಲ್ಲಿ ನಿಮ್ಮ ಹುಡುಗ ನೀರಿನೊಳಗೆ ಬಾಯಿ ತೆರೆದು ಕೂಗುತ್ತಿದ್ದಾನೆ; ನೀವು ಮೂವರೂ ಈಜು ಬಲ್ಲವರಾಗಿದ್ದು ಇದನ್ನು ಹೇಗೆ ಬಿಟ್ಟಿರೋ ತಿಳಿಯದು. ನೀರಿಗೆ ಬಿದ್ದಾಗಲೇ ರೂಪ ಬದಲಾದರೆ ಸಾಕು.

ಈಗ ಹೆಸರಿಗೆ ಬರೋಣ. ನಿಮ್ಮ ಪರವಾಗಿ ಹೆಸರಿಡುವುದು ನನ್ನ ಕೆಲಸವಲ್ಲ, ಆದರೆ ಒಂದು ಹೆಸರನ್ನು ಹೇಗೆ ಪರೀಕ್ಷಿಸಬೇಕೆಂದು ತೋರಿಸಲು ಒಂದನ್ನು ತೆಗೆದುಕೊಳ್ಳುತ್ತೇನೆ: ಮಿಂಚುಳ್ಳಿ. ಆ ಹಕ್ಕಿ ಕೊಂಬೆಯ ಮೇಲೆ ಅಲ್ಲಾಡದೆ ಕೂತು ನೀರನ್ನು ನೋಡುತ್ತದೆ, ನೆಟ್ಟಗೆ ಧುಮುಕುತ್ತದೆ, ಹಿಡಿದದ್ದನ್ನು ಎತ್ತಿಕೊಂಡು ಕೊಂಬೆಗೆ ಮರಳುತ್ತದೆ. ನಿಮ್ಮ ನಾಯಕನ ಎಲ್ಲ ಚಲನೆಯೂ ಅದರಲ್ಲಿದೆ. ನಮ್ಮ ಹೊಳೆಗಳಲ್ಲಿ ನೀಲಿ ಬಣ್ಣದವಲ್ಲದೆ ಕಪ್ಪು ಬಿಳುಪಿನ ಮಿಂಚುಳ್ಳಿಯೂ ಇದೆ, ಅದು ಧುಮುಕುವ ಮುನ್ನ ನೀರಿನ ಮೇಲೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುತ್ತದೆ. ಕಪ್ಪು ಶಾಯಿಯೊಂದರಲ್ಲೇ ಬರೆದು ಜೆರಾಕ್ಸ್ ಮಾಡಿಸುವ ನಿಮಗೆ ವೇಷದ ಬಣ್ಣವೂ ಅಲ್ಲೇ ಸಿಕ್ಕಿತು. ಹಳದಿ ಸಿಡಿಲನ್ನು ಕಪ್ಪು ಬಿಳುಪಿನಲ್ಲಿ ತೋರಿಸಲು ನೀವು ಪಟ್ಟಿರುವ ಪಾಡು ತಪ್ಪುತ್ತದೆ.

ಮುಂದಿನ ಪರೀಕ್ಷೆ ಬಾಯಿಯದು. ಹೆಸರಿಗೆ ವಿಭಕ್ತಿಗಳನ್ನು ಹಚ್ಚಿ ಗಟ್ಟಿಯಾಗಿ ಓದಿ. ಮಿಂಚುಳ್ಳಿಗೆ, ಮಿಂಚುಳ್ಳಿಯಿಂದ ಎನ್ನುವಾಗ ನಾಲಿಗೆ ಎಲ್ಲಿಯೂ ತಡೆಯುವುದಿಲ್ಲ, "ಮಿಂಚುಳ್ಳೀ!" ಎಂದು ಎಳೆದು ಕೂಗಲೂಬಹುದು. "ಥಂಡರ್ ಕಿಂಗ್" ಎಂಬುದನ್ನು ದಡದಿಂದ ದಡಕ್ಕೆ ಕೂಗಿ ನೋಡಿ, ಕೊನೆಯ ಅಕ್ಷರ ಮುಚ್ಚಿಕೊಂಡು ಕೂಗು ಅಲ್ಲೇ ನಿಲ್ಲುತ್ತದೆ. ಇದಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದಿದೆ. ಅದು ಹಕ್ಕಿಯ ಹೆಸರಾದ್ದರಿಂದ, ಮುಸುಕಿನೊಳಗೆ ಯಾರಿದ್ದಾರೆಂದು ತಿಳಿಯದ ಊರಿನವರು "ಮಿಂಚುಳ್ಳಿ ಬಂತು, ಮಗುವನ್ನು ಎತ್ತಿಕೊಟ್ಟು ಹೋಯಿತು" ಎಂದೇ ಮಾತಾಡುತ್ತಾರೆ. ಗುಟ್ಟು ಬಲ್ಲ ತಂಗಿ ಒಮ್ಮೆ ಮೈಮರೆತು "ಮಿಂಚುಳ್ಳಿ ಬಂದ" ಎಂದುಬಿಟ್ಟರೆ ಪಕ್ಕದಲ್ಲಿದ್ದ ಮರಳು ಲಾರಿಯವನಿಗೆ ಕಿವಿ ನೆಟ್ಟಗಾಗಬೇಕು. ಒಂದು ಕ್ರಿಯಾಪದದಿಂದ ಗುಟ್ಟು ಬಯಲಾಗುವ ಈ ಸಂದರ್ಭ ಕನ್ನಡದ ಕಾಮಿಕ್‌ನಲ್ಲೇ ಸಾಧ್ಯವಾಗುವಂಥದ್ದು. ಈಗ ನಿಮ್ಮ ಒಂಬತ್ತನೇ ಪುಟದಲ್ಲಿ ಪೊಲೀಸರು "ಥಂಡರ್ ಕಿಂಗ್ ಬಂದ್ರು" ಎನ್ನುತ್ತಾರೆ. ಅವರಿಗೇಕೆ ಆ ಬಹುವಚನ ಎಂದು ನೀವು ಯೋಚಿಸಿದಂತಿಲ್ಲ.

ಈ ಹೆಸರಿನ ಕೊರತೆಗಳನ್ನೂ ಹೇಳಬೇಕು. ಹಕ್ಕಿಯನ್ನು ಕಂಡಿದ್ದರೂ ಅದರ ಹೆಸರು ತಿಳಿಯದ ಮಕ್ಕಳು ಬಹಳ ಇದ್ದಾರೆ, ಆದ್ದರಿಂದ ಮೊದಲ ಪುಟದಲ್ಲೇ ಹಕ್ಕಿ ಕಾಣಬೇಕು, ಯಾರಾದರೂ ಅದನ್ನು ಹೆಸರು ಹಿಡಿದು ಕರೆಯಬೇಕು. ಮುಖಪುಟದ ದಪ್ಪಕ್ಷರದಲ್ಲಿ ಕೊನೆಯ ಒತ್ತು ಸಾಲಿನಿಂದ ಕೆಳಗಿಳಿಯುತ್ತದೆ; ನೀವು ಈಗ ಬಿಟ್ಟಿರುವ ಜಾಗದಲ್ಲಿ ಅದು ನಾಯಕನ ತಲೆಗೆ ತಾಗುತ್ತದೆ. ಹೆಸರನ್ನು ಮೇಲೆತ್ತಿ, ಅಥವಾ ಆ ಒತ್ತನ್ನೇ ನೀರಿಗಿಳಿಯುವ ಕೊಕ್ಕಿನಂತೆ ಬಿಡಿಸಿ.

ಮನೆಯ ಹೆಸರಿನ ವಿಷಯದಲ್ಲಿ ನಾನು ಇನ್ನಷ್ಟು ನಿಷ್ಠುರವಾಗಿರಬೇಕಾಗಿದೆ. ಹರಿಹರದಲ್ಲಿ ತೆಪ್ಪ ನಡೆಸುವ ಮನೆಯಲ್ಲಿ ಆರ್ಯನ್ ರಾಯ್ ಹುಟ್ಟುವುದು ಅಸಾಧ್ಯವೇನಲ್ಲ, ಆದರೆ ಹುಟ್ಟಿದ್ದರೆ ಆ ಹೆಸರು ಹೇಗೆ ಬಂತೆಂಬುದಕ್ಕೇ ಒಂದು ಪುಟ ಬೇಕಾಗುತ್ತದೆ. ಮನೆಯ ಹೆಸರಿಗೆ ಇರುವ ಕೆಲಸ ಹುಡುಗನನ್ನು ಬಚ್ಚಿಡುವುದು. ಹಾಜರಿ ಕೂಗುವಾಗ ಯಾರೂ ತಲೆಯೆತ್ತಿ ನೋಡದ ಹೆಸರಾಗಿರಬೇಕು, ಜೊತೆಗೆ ಅವನು ಎಲ್ಲಿಯವನು ಎಂಬುದನ್ನೂ ಹೇಳಬೇಕು. ಮಂಜುನಾಥ ಎಂದರೆ ಬಚ್ಚಿಡಲು ಚೆನ್ನ, ಆದರೆ ಮಂಜುನಾಥರು ರಾಜ್ಯದ ತುಂಬ ಇದ್ದಾರೆ. ಪರಶುರಾಮ ಎಂದರೆ ಕೊಡಲಿ ಹಿಡಿದ ಇನ್ನೊಬ್ಬ ವೀರ ನೆನಪಾಗುತ್ತಾನೆ. ಮಾಲತೇಶ ಎಂದಿಟ್ಟು ನೋಡಿ. ಹೊಳೆಯಾಚೆ ರಾಣೆಬೆನ್ನೂರು ಸೀಮೆಯ ದೇವರಗುಡ್ಡದ ದೇವರ ಹೆಸರದು, ನಿಮ್ಮ ಕಡೆ ತರಗತಿಗೊಬ್ಬ ಸಿಗಬಹುದು, ಮೈಸೂರಿನ ಓದುಗನಿಗೆ ಮಾತ್ರ ಹೊಸದೆನಿಸುತ್ತದೆ. ಮಿಂಚುಳ್ಳಿಯ ಮೊದಲಕ್ಷರವೇ ಅದರ ಮೊದಲಕ್ಷರವೂ ಆಗಿರುವುದರಿಂದ ಓದುಗರ ಮನಸ್ಸಿನಲ್ಲಿ ಎರಡೂ ಜೊತೆಯಾಗಿ ಕೂರುತ್ತವೆ, ಆದರೆ ಕತೆಯೊಳಗಿನವರಿಗೆ ಸುಳಿವು ಕೊಡುವಷ್ಟು ಹೋಲಿಕೆ ಇಲ್ಲ. "ಮಂಜ" ಎಂದಿಟ್ಟರೆ ಸಣ್ಣ ಬಲೂನಿನ ಕೈಬರಹದಲ್ಲಿ ಅದೂ ಮಿಂಚುಳ್ಳಿಯ ಮೊದಲ ಭಾಗವೂ ಒಂದೇ ಥರ ಕಾಣುವ ಅಪಾಯವಿತ್ತು.

ಒಂದೇ ಅಕ್ಷರದಿಂದ ಶುರುವಾಗುವ ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ. ಪೀಟರ್ ಪಾರ್ಕರ್, ಬ್ರೂಸ್ ಬ್ಯಾನರ್ ಮುಂತಾದ ಹೆಸರುಗಳನ್ನು ನೆನಪಿಗೆ ಅನುಕೂಲವೆಂದು ಹಾಗಿಟ್ಟೆನೆಂದು ಸ್ಟ್ಯಾನ್ ಲೀ ಹೇಳುತ್ತಿದ್ದರು. ಅಷ್ಟಾದರೂ 1964ರ ಒಂದು ಸಂಚಿಕೆಯಲ್ಲಿ ಹಲ್ಕ್ ಆಗುವ ಬ್ಯಾನರ್, ಬ್ರೂಸ್ ಬದಲು ಬಾಬ್ ಆಗಿಬಿಟ್ಟ. ಆಮೇಲೆ ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ಹೇಳಿ ತೇಪೆ ಹಾಕಲಾಯಿತು. ನಿಮ್ಮಲ್ಲಿ ನಾಲ್ಕನೇ ಪುಟದ ಆರ್ಯನ್ ಹನ್ನೊಂದರಲ್ಲಿ ಆರ್ಯ ಆಗಿದ್ದಾನೆ. ಮೂವರು ಬೇರೆ ಬೇರೆ ಪುಟ ಬರೆಯುವಾಗ ಇದು ಆಗುವಂಥದ್ದೇ. ತಾಯಿ ಏನೆಂದು ಕರೆಯುತ್ತಾಳೆ, ಗೆಳೆಯರು ಏನೆನ್ನುತ್ತಾರೆ, ಹಾಜರಿಯಲ್ಲಿ ಏನಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮೂವರೂ ಇಟ್ಟುಕೊಳ್ಳಿ. ಅವ್ವನಿಗೆ "ಮಾಲ್ತೇಸಿ" ಆದವನು ಮೇಷ್ಟ್ರಿಗೆ "ಮಾಲತೇಶ ಬಿ." ಆಗಿರಲಿ. 1997ರಲ್ಲಿ ದೂರದರ್ಶನದಲ್ಲಿ ಶುರುವಾದ ಶಕ್ತಿಮಾನ್ ತನ್ನ ಇನ್ನೊಂದು ರೂಪದಲ್ಲಿ ಪಂಡಿತ್ ಗಂಗಾಧರ್ ವಿದ್ಯಾಧರ್ ಮಾಯಾಧರ್ ಓಂಕಾರನಾಥ್ ಶಾಸ್ತ್ರಿ ಎಂದು ಹೇಳಿಕೊಂಡು ನಗಿಸುತ್ತಿದ್ದ. ಅದು ಕೇಳಲು ಸೊಗಸು, ನಿಮ್ಮ ಬಲೂನಿನಲ್ಲಿ ಮಾತ್ರ ಚಿತ್ರಕ್ಕೆ ಜಾಗ ಉಳಿಯದು. ಅಂದ ಹಾಗೆ, ಒಂದೇ ಮೈಯಲ್ಲಿ ಎರಡು ರೂಪ ಎಂಬ ಕಲ್ಪನೆಗೆ ನೀವು ದೂರ ಹೋಗಬೇಕಾಗಿರಲಿಲ್ಲ. ಅರ್ಧ ಹರ, ಅರ್ಧ ಹರಿ ಆಗಿ ನಿಂತ ದೇವರು ನಿಮ್ಮೂರಿಗೇ ಹೆಸರು ಕೊಟ್ಟಿದ್ದಾನೆ. ಆ ಗುಡಿಯ ಹೊಯ್ಸಳ ಕಂಬಗಳ ನಡುವೆ ಒಂದು ಪುಟ ನಡೆದರೆ ಓದಲು ನನಗೆ ಆಸೆಯಿದೆ.

ಥಂಡರ್ ಕಿಂಗ್‌ನನ್ನು ಎಸೆಯಬೇಡಿ. ಕ್ಲೀವ್‌ಲ್ಯಾಂಡಿನಲ್ಲಿ ನಿಮ್ಮ ಹಾಗೆಯೇ ಶಾಲೆಯಲ್ಲಿ ಜೊತೆಯಾದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1933ರಲ್ಲಿ ತಮ್ಮದೇ ಪುಟ್ಟ ಪತ್ರಿಕೆಯಲ್ಲಿ ಸೂಪರ್‌ಮ್ಯಾನ್ ಎಂಬ ಹೆಸರನ್ನು ಮೊದಲು ಕೊಟ್ಟದ್ದು ಒಬ್ಬ ಬೋಳುತಲೆಯ ಖಳನಿಗೆ. ಅದೇ ಹೆಸರು ನಾಯಕನಿಗೆ ಹೊಂದಿ 1938ರಲ್ಲಿ ಅಚ್ಚಾಯಿತು. ನೀವು ಉಲ್ಟಾ ಮಾಡಬಹುದು. ನಿಮ್ಮ ಮರಳು ಕಳ್ಳನಿಗೆ ಈಗ ಹೆಸರೇ ಇಲ್ಲ, ಅವನ ಲಾರಿಯ ಮುಂದಿನ ಗಾಜೂ ಖಾಲಿ ಇದೆ. ಅದರ ಮೇಲೆ ದಪ್ಪಕ್ಷರದಲ್ಲಿ "ಥಂಡರ್ ಕಿಂಗ್" ಎಂದು ಬರೆಯಿರಿ. ಅಂಥ ಹೆಸರು ಹೊತ್ತ ಲಾರಿಗಳನ್ನು ನಾವೆಲ್ಲ ಕಂಡಿದ್ದೇವೆ.

ಸೀಗಲ್ ಮತ್ತು ಶುಸ್ಟರ್ ಮೊದಲ ಕತೆಯ ಜೊತೆಗೆ ಸೂಪರ್‌ಮ್ಯಾನ್‌ನ ಹಕ್ಕನ್ನೂ 130 ಡಾಲರಿಗೆ ಬರೆದುಕೊಟ್ಟರು. ಹೆಸರನ್ನು ಕಂಡುಹಿಡಿದವರು ಯಾರು, ಚಿತ್ರ ಯಾರದು, ಒಬ್ಬರು ಬಿಟ್ಟುಹೋದರೆ ಏನು ಎಂಬುದನ್ನು ಈಗಲೇ ನಿಮ್ಮೊಳಗೆ ಬರೆದಿಟ್ಟುಕೊಳ್ಳಿ. ಯಾವ ಕಾಗದಕ್ಕಾದರೂ, ನಮ್ಮದಕ್ಕೂ ಸೇರಿ, ತಂದೆತಾಯಿಯರು ಓದದೆ ಸಹಿ ಬೀಳುವುದು ಬೇಡ.

ಪೂರ್ತಿ ಹದಿನಾರು ಪುಟಗಳನ್ನು ಮತ್ತೆ ಬರೆಯಬೇಕಾಗಿಲ್ಲ. ಹೊಸ ಮುಖಪುಟ, ಕೂಗಿಲ್ಲದ ಆರನೇ ಪುಟ, ಮತ್ತು ಅಜ್ಜಿಯ ಪ್ರಶ್ನೆಗೆ ಹುಡುಗ ಏನು ಹೇಳುತ್ತಾನೆಂಬ ಹನ್ನೆರಡನೇ ಪುಟ, ಈ ಮೂರನ್ನು ಕಳುಹಿಸಿ. ಹೆಸರು ನನ್ನದೇ ಆಗಬೇಕಾಗಿಲ್ಲ. ನಿಮ್ಮದು ಈ ಪರೀಕ್ಷೆಗಳಲ್ಲಿ ನಿಂತರೆ ಅದೇ ಇರಲಿ.

ಸಂಪಾದಕ