ವಾರ್ಷಿಕೋತ್ಸವದಲ್ಲಿ ಯುವ ವಿಭಾಗದ ಮಾತು

"ನಾನು ಡೊಂಬಿವಲಿಯವಳು. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಯುವ ವಿಭಾಗದ ಪರವಾಗಿ ಹಿರಿಯರಿಗೆ ಥ್ಯಾಂಕ್ಸ್ ಹೇಳಿ, ನನ್ನ ವಯಸ್ಸಿನವರನ್ನು ಜವಾಬ್ದಾರಿಗೆ ಕರೆಯಬೇಕಂತೆ. ಏನು ಮಾತಾಡಲಿ?"

ನಾನೂ ಮುಂಬೈಯಲ್ಲೇ ಬೆಳೆದವನು, ಮುಲುಂಡ್ ಕಡೆಯ ಒಂದು ಸಂಘದ ಯುವ ವಿಭಾಗದಲ್ಲಿದ್ದೇನೆ. ನಾಲ್ಕು ನಿಮಿಷಕ್ಕಿಂತ ಜಾಸ್ತಿ ಬೇಡ. ನಿಮ್ಮ ಹಿಂದೆ ವೇಷ ಕಟ್ಟಿಕೊಂಡ ಮಕ್ಕಳು ಕಾಯುತ್ತಿರುತ್ತಾರೆ.

ಹಿರಿಯರ ಹೆಸರುಗಳ ಪಟ್ಟಿ ಓದಬೇಡಿ. ಅದನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿರುತ್ತಾರೆ. ನೀವು ಮತ್ತೆ ಓದಿದರೆ ಒಂದಾದರೂ ಹೆಸರು ಬಿಟ್ಟುಹೋಗುತ್ತದೆ, ಅವರ ಮನೆಯವರು ಎದುರಿಗೇ ಕೂತಿರುತ್ತಾರೆ. ಅದರ ಬದಲು ಅವರು ಮಾಡಿದ ಒಂದು ಕೆಲಸ ಹೇಳಿ. ನಮ್ಮ ಊರುಗಳಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ ನಗರ ಇದು. ನಿಮ್ಮ ಸಂಘದಲ್ಲೂ ಅಂಥವರು ಇದ್ದಾರು. ಮೊದಲೇ ಹೋಗಿ ಮಾತಾಡಿಸಿ, ವೇದಿಕೆಯಲ್ಲಿ ಹೇಳಬಹುದಾ ಅಂತ ಕೇಳಿ. ಒಪ್ಪಿದರೆ ಹೀಗೆ ಹೇಳಿ: "ರಾತ್ರಿ ಶಾಲೆಯಲ್ಲಿ ಓದಿದ ನೀವು ನಮ್ಮ ಹಗಲಿನ ಕಾಲೇಜಿನ ಫೀಸಿಗೆ ವಿದ್ಯಾರ್ಥಿವೇತನ ಕೊಟ್ಟಿರಿ. ಅದರಿಂದ ಓದಿದವರು ಇಲ್ಲೇ ಕೂತಿದ್ದೇವೆ." ಇಷ್ಟು ಸಾಕು.

ಇನ್ನು ಕರೆಯುವ ಮಾತು. "ಯುವಕರು ಮುಂದೆ ಬರಬೇಕು" ಅಂದರೆ ಚಪ್ಪಾಳೆ ಬೀಳುತ್ತದೆ, ಯಾರೂ ಬರುವುದಿಲ್ಲ. ಲೋಕಲ್ ಹಿಡಿದು ರಾತ್ರಿ ಮನೆ ಸೇರುವವರಿಗೆ ಕೆಲಸ ಏನು, ಎಷ್ಟು ಹೊತ್ತು ಅಂತ ಗೊತ್ತಾಗಬೇಕು. ಸದಸ್ಯರ ಪಟ್ಟಿಯನ್ನೇ ತೆಗೆದುಕೊಳ್ಳಿ. ಹಳೆಯ ಪುಸ್ತಕದಲ್ಲಿ ಲ್ಯಾಂಡ್‌ಲೈನ್ ನಂಬರುಗಳೇ ಇರುತ್ತವೆ, ಮನೆ ಬದಲಿಸಿದವರಿಗೆ ಆಮಂತ್ರಣ ತಲುಪುವುದಿಲ್ಲ. ಹೀಗೆ ಕರೆಯಿರಿ: "ಬರುವ ಎರಡು ಭಾನುವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡು. ಹಿರಿಯರೊಬ್ಬರು ಓದಿ ಹೇಳುತ್ತಾರೆ, ನಾವು ಟೈಪ್ ಮಾಡಿ ಫೋನ್ ಮಾಡೋಣ. ಕನ್ನಡ ಓದಲು ಬರದಿದ್ದರೂ ಬನ್ನಿ." ಊಟದ ಸಾಲಿನ ಹತ್ತಿರ ಒಂದು ಹಾಳೆ ಇಟ್ಟುಕೊಂಡು ಅಲ್ಲೇ ಹೆಸರು ಬರೆಸಿಕೊಳ್ಳಿ. ಮರುದಿನಕ್ಕೆ ಬಿಟ್ಟರೆ ಉತ್ಸಾಹ ಇಳಿದಿರುತ್ತದೆ.

ಹಿರಿಯರ ಹತ್ತಿರವೂ ಒಂದು ಕೇಳಿ. ಕುರ್ಚಿ ಜೋಡಿಸುವುದು, ಊಟ ಬಡಿಸುವುದು ಮಾತ್ರ ನಮಗೆ ಕೊಟ್ಟರೆ ಜವಾಬ್ದಾರಿ ಕಲಿಯುವುದು ಯಾವಾಗ? ಜತೆ ಕೋಶಾಧಿಕಾರಿ ಸ್ಥಾನ ಒಬ್ಬ ಯುವ ಸದಸ್ಯರಿಗೆ ಕೊಡಿ ಅನ್ನಿ. ನಿಮ್ಮ ಸಂಘ ಸಾರ್ವಜನಿಕ ಟ್ರಸ್ಟ್ ಆಗಿ ನೋಂದಣಿಯಾಗಿದ್ದರೆ, ಟ್ರಸ್ಟಿಗಳು ಬದಲಾದ 90 ದಿನದೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಅದು ಹಿಂದೆ ಬಿದ್ದರೆ ದಾಖಲೆಯಲ್ಲಿ ಹಳೆಯ ಹೆಸರುಗಳೇ ಉಳಿಯುತ್ತವೆ. ಇಂಥ ಕೆಲಸವನ್ನು ತಿಳಿದವರ ಪಕ್ಕದಲ್ಲಿ ಕೂತೇ ಕಲಿಯಬೇಕು. ಆದರೆ ಅಧ್ಯಕ್ಷರಿಗೆ ಮೊದಲೇ ತಿಳಿಸಿ. ಮೈಕಿನಲ್ಲಿ ಮೊದಲ ಸಲ ಕೇಳಿದರೆ ಅವರಿಗೆ ಮುಜುಗರ ಆಗುತ್ತದೆ.

ಕನ್ನಡ ಅಕ್ಷರ ಕಷ್ಟವಾದರೆ ದೇವನಾಗರಿಯಲ್ಲಿ ಬರೆದುಕೊಳ್ಳಿ, ಏನೂ ತೊಂದರೆಯಿಲ್ಲ. ಒಂದೇ ಎಚ್ಚರ: ಅದರಲ್ಲಿ ಎ ಮತ್ತು ಏ, ಒ ಮತ್ತು ಓ ಒಂದೇ ಥರ ಕಾಣುತ್ತವೆ. ದೀರ್ಘ ಇರುವಲ್ಲಿ ಕೆಳಗೆ ಗೆರೆ ಎಳೆದು, ಮನೆಯಲ್ಲಿ ಅಮ್ಮನ ಮುಂದೆ ಎರಡು ಸಲ ಓದಿ.