ಆಪ್ತಸಲಹೆ ಪ್ರಕರಣ: ಸಹಿಗೆ ಮುನ್ನ ಅಂಕ ಹಾಕದ ಡ್ಯೂಟಿ ಪಟ್ಟಿ

ಆಸ್ಪತ್ರೆ ಸಿಬ್ಬಂದಿಯೊಡನೆ ಕೆಲಸ ಮಾಡುವ ಆಪ್ತಸಲಹೆಗಾರರ ಬಳಿ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತದೆ. ನಸುಕಿನಲ್ಲಿ ಒಂದು ತಪ್ಪು ನಡೆಯುತ್ತದೆ, ವಿಚಾರಣೆ ಆಗುತ್ತದೆ, 'ನಿರ್ಲಕ್ಷ್ಯ' ಎಂಬ ಪದ ಕಡತ ಸೇರುತ್ತದೆ. ಆ ತಪ್ಪಿಗೆ ಮೊದಲು ಯಾರೋ ಒಬ್ಬರು ಡ್ಯೂಟಿ ಪಟ್ಟಿಗೆ ಸಹಿ ಹಾಕಿದ್ದರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಪ್ರಕರಣದಲ್ಲಿ ನನ್ನ ಮುಂದೆ ಕುಳಿತಿದ್ದವರು ಸಹಿ ಹಾಕಿದವರೇ ಆಗಿದ್ದರು. ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ. ಡ್ಯೂಟಿಯ ಕ್ರಮ ಮತ್ತು ಗಂಟೆಗಳನ್ನು ಮಾತ್ರ ಹಾಗೆಯೇ ಇಟ್ಟಿದ್ದೇನೆ, ಏಕೆಂದರೆ ಹೇಳಬೇಕಾದ ವಿಷಯವೆಲ್ಲ ಅವುಗಳಲ್ಲೇ ಇದೆ.

ಅವರು ಒಂದು ಖಾಸಗಿ ಆಸ್ಪತ್ರೆಯ ತೀವ್ರ ನಿಗಾ ಘಟಕದ ಇನ್‌ಚಾರ್ಜ್ ಸಿಸ್ಟರ್. ಶನಿವಾರ ಬೆಳಗಿನ ಜಾವ ಐದೂವರೆಗೆ ಅವರ ಘಟಕದ ಸ್ಟಾಫ್ ನರ್ಸ್ ಒಬ್ಬಳು ಇನ್ಸುಲಿನ್ ಸಿರಿಂಜ್ ಪಂಪನ್ನು ಗಂಟೆಗೆ 2ರ ಬದಲು 20ಕ್ಕೆ ಇಟ್ಟಿದ್ದಳು. ಕೆಲವೇ ನಿಮಿಷಗಳಲ್ಲಿ ಡ್ಯೂಟಿ ವೈದ್ಯರು ಅದನ್ನು ಗಮನಿಸಿದ್ದರಿಂದ ರೋಗಿಗೆ ತೊಂದರೆಯಾಗಲಿಲ್ಲ. ಆಡಳಿತ ಮಂಡಳಿ ಆ ನರ್ಸ್‌ಗೆ ಮೆಮೊ ಸಿದ್ಧಪಡಿಸಿ, ಇನ್‌ಚಾರ್ಜ್ ಸಿಸ್ಟರ್‌ ಅವರ ಸಹಿಗೆ ಕಳುಹಿಸಿತ್ತು. ಅಂದಿನಿಂದ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ನನ್ನಲ್ಲಿಗೆ ಬಂದದ್ದು ಆ ನಿದ್ದೆಗಾಗಿ.

ಮೊದಲ ಭೇಟಿಯಲ್ಲಿ ಅವರು ಹೆಚ್ಚಾಗಿ ತಮ್ಮನ್ನೇ ಸಮರ್ಥಿಸಿಕೊಂಡರು. "ಮೇಡಂ, ನಾನು ಯಾರಿಗೂ ಪಕ್ಷಪಾತ ಮಾಡಿಲ್ಲ. ಎಲ್ಲರಿಗೂ ಎರಡು ವಾರಕ್ಕೆ ಐದು ನೈಟ್, ಮೂರು ಆಫ್. ಎಣಿಸಿ ನೋಡಿ," ಎಂದರು. ನಾನು ಎಣಿಸಿದೆ, ಅವರ ಮಾತು ನಿಜವಾಗಿತ್ತು. ಮುಂದಿನ ಭೇಟಿಗೆ ಡ್ಯೂಟಿ ಪಟ್ಟಿಯ ಜೊತೆಗೆ ಬೆರಳಚ್ಚು ಹಾಜರಾತಿಯ ಪ್ರತಿಯನ್ನೂ ತರುವಂತೆ ಕೇಳಿಕೊಂಡೆ. ಈ ಬರಹ ಆ ಎರಡನೆಯ ಭೇಟಿಯ ಕುರಿತದ್ದು.

ಅವರ ಘಟಕದಲ್ಲಿ ಬೆಳಗಿನ ಪಾಳಿ 7ರಿಂದ 2, ಸಂಜೆಯದು 2ರಿಂದ 9, ರಾತ್ರಿಯದು 9ರಿಂದ ಮರುದಿನ 7. ಆ ನರ್ಸ್‌ಳ ಸಾಲಿನಲ್ಲಿ ಮೊದಲ ವಾರ ಸೋಮವಾರ ಸಂಜೆ, ಮಂಗಳವಾರ ಬೆಳಗ್ಗೆ, ಬುಧವಾರದಿಂದ ಭಾನುವಾರದವರೆಗೆ ಐದು ನೈಟ್ ಎಂದಿತ್ತು. ಎರಡನೆಯ ವಾರ ಸೋಮವಾರ ಮತ್ತು ಮಂಗಳವಾರ ಆಫ್, ಬುಧವಾರದಿಂದ ಶನಿವಾರದವರೆಗೆ ಬೆಳಗ್ಗೆ, ಭಾನುವಾರ ಆಫ್. ಒಟ್ಟು 92 ಗಂಟೆ. ನೋಡಲು ಸಾಧಾರಣವಾದ, ನಮ್ಮ ಬಹುತೇಕ ಆಸ್ಪತ್ರೆಗಳ ಗೋಡೆಯ ಮೇಲೆ ಕಾಣಸಿಗುವಂಥ ಪಟ್ಟಿ.

ಆಸ್ಟ್ರೇಲಿಯಾದ ನಿದ್ರಾ ಸಂಶೋಧಕರಾದ ಡ್ರೂ ಡಾಸನ್ ಮತ್ತು ಕರ್ಸ್ಟಿ ಮೆಕಲಾಕ್ 2005ರಲ್ಲಿ ಮುಂದಿಟ್ಟ, ಒಂದು ಡ್ಯೂಟಿ ಪಟ್ಟಿ ಎಷ್ಟು ಆಯಾಸ ತರಬಹುದೆಂದು ಅಳೆಯುವ ಅಂಕಪಟ್ಟಿಯನ್ನು ನಾನು ಇಂಥ ಕಡೆ ಬಳಸುತ್ತೇನೆ. ಅದಕ್ಕೆ ಕಂಪ್ಯೂಟರ್ ಬೇಡ, ಪೆನ್ಸಿಲ್ ಸಾಕು. ಅದು ಕೇಳುವುದು ಐದೇ ಪ್ರಶ್ನೆ: ಯಾವುದೇ ಏಳು ದಿನಗಳಲ್ಲಿ ಗರಿಷ್ಠ ಎಷ್ಟು ಗಂಟೆ ಕೆಲಸ, ಅತಿ ಉದ್ದದ ಪಾಳಿ ಎಷ್ಟು, ಎರಡು ಪಾಳಿಗಳ ನಡುವಿನ ಅತಿ ಕಡಿಮೆ ಬಿಡುವು ಎಷ್ಟು, ಏಳು ದಿನಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 9ರ ನಡುವಿನ ಕೆಲಸ ಎಷ್ಟು, ಮತ್ತು ಎರಡು ರಾತ್ರಿಯ ನಿದ್ದೆಯೂ ನಡುವೆ ಒಂದು ಪೂರ್ಣ ರಜೆಯೂ ಸಿಗುವ ದೀರ್ಘ ಬಿಡುವು ಎಷ್ಟು ದಿನಕ್ಕೊಮ್ಮೆ. ಪ್ರತಿ ಉತ್ತರಕ್ಕೆ 0, 1, 2, 4 ಅಥವಾ 8 ಅಂಕ. ಹಂತ ಏರಿದಂತೆ ಅಂಕ ದುಪ್ಪಟ್ಟಾಗುತ್ತದೆ. ಅತಿ ಕೆಟ್ಟ ಪಟ್ಟಿಗೆ 40.

ಸಿಸ್ಟರ್ ತಾವೇ ಅಂಕ ಹಾಕಿದರು. ಮೊದಲ ವಾರದಲ್ಲಿ 64 ಗಂಟೆ ಕೆಲಸ. 55 ದಾಟಿದರೆ ಪೂರ್ತಿ 8. ಅತಿ ಉದ್ದದ ಪಾಳಿ 10 ಗಂಟೆ, ಅದಕ್ಕೆ 2. ಸೋಮವಾರ ರಾತ್ರಿ 9ಕ್ಕೆ ಬಿಟ್ಟು ಮಂಗಳವಾರ 7ಕ್ಕೆ ಬಂದರೆ ನಡುವೆ 10 ಗಂಟೆ, ಅದಕ್ಕೂ 2. ರಾತ್ರಿ ಕೆಲಸ 50 ಗಂಟೆಗೂ ಹೆಚ್ಚು, 24 ದಾಟಿದರೇ 8. ದೀರ್ಘ ಬಿಡುವು ಸರಾಸರಿ ವಾರಕ್ಕೊಮ್ಮೆ ಇದ್ದುದರಿಂದ 1. ಒಟ್ಟು 21.

ಇಲ್ಲಿ ನಾನು ಹಾಜರಾತಿಯ ಪ್ರತಿಯನ್ನು ಪಕ್ಕಕ್ಕಿಟ್ಟೆ. ಸೋಮವಾರ ರಾತ್ರಿ ಹ್ಯಾಂಡೋವರ್ ಮುಗಿಸಿ ಅವಳು ಹೊರಗೆ ಹೋದದ್ದು 9.30ಕ್ಕೆ, ಮಂಗಳವಾರ ಒಳಗೆ ಬಂದದ್ದು 6.45ಕ್ಕೆ. ಬಿಡುವು ಹತ್ತರಿಂದ ಒಂಬತ್ತೂಕಾಲಕ್ಕೆ ಇಳಿದಾಗ ಅಂಕ 2ರಿಂದ 4ಕ್ಕೆ ಏರುತ್ತದೆ. ಐರೋಪ್ಯ ಒಕ್ಕೂಟದ ಕೆಲಸದ ವೇಳೆಯ ನಿರ್ದೇಶನವು ದಿನಕ್ಕೆ ಸತತ 11 ಗಂಟೆ ಬಿಡುವು ಇರಬೇಕೆನ್ನುತ್ತದೆ; ಈ ಅಂತರ ಕಾಗದದ ಮೇಲೂ ಅದನ್ನು ಮುಟ್ಟುವುದಿಲ್ಲ. ಪ್ರಯಾಣ, ಊಟ, ಸ್ನಾನ ಕಳೆದರೆ ನಿದ್ದೆಗೆ ಉಳಿಯುವುದು ಐದಾರು ಗಂಟೆ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಪಟ್ಟಿಯ ಶುಕ್ರವಾರದ ಚೌಕದಲ್ಲಿತ್ತು. ಸಂಜೆ ಪಾಳಿಯ ಒಬ್ಬರು ಬಾರದಿದ್ದುದರಿಂದ, ಬೆಳಗ್ಗೆ 7ಕ್ಕೆ ನೈಟ್ ಮುಗಿಸಿದ್ದ ಇದೇ ಹುಡುಗಿಯನ್ನು ಮಧ್ಯಾಹ್ನ 2ಕ್ಕೆ ಕರೆಸಿ, ಅಲ್ಲಿಂದ ನೇರವಾಗಿ ಅವಳ ಮೂರನೆಯ ನೈಟ್‌ಗೆ ಮುಂದುವರಿಸಲಾಗಿತ್ತು. ಅಂದರೆ ಬಿಡುವು 7 ಗಂಟೆ, ಪಾಳಿ 17 ಗಂಟೆ, ಎರಡಕ್ಕೂ 8. ಅನುಮೋದನೆಯಾದ ಪಟ್ಟಿಯ ಅಂಕ 21, ನಡೆದ ಪಟ್ಟಿಯದು 33. ನಡುವೆ ಇದ್ದದ್ದು ಪೆನ್ನಿನಲ್ಲಿ ತಿದ್ದಿದ ಒಂದು ಅಕ್ಷರ.

ಅವಳು ವಿಚಾರಣೆಯಲ್ಲಿ ಹೇಳಿದ್ದ ನಿದ್ದೆಯ ಲೆಕ್ಕವನ್ನೂ ನಾವು ನೋಡಿದೆವು: ಗುರುವಾರ ಹಗಲು ಐದೂವರೆ ಗಂಟೆ, ಶುಕ್ರವಾರ ನಾಲ್ಕು. ಹಿಂದಿನ 24 ಗಂಟೆಯಲ್ಲಿ ಕನಿಷ್ಠ 5, ಹಿಂದಿನ 48 ಗಂಟೆಯಲ್ಲಿ ಕನಿಷ್ಠ 12 ಗಂಟೆ ನಿದ್ದೆ ಇರಬೇಕೆಂಬುದು ಅದೇ ಸಂಶೋಧಕರ ಸರಳ ಸೂತ್ರ. ಇಲ್ಲಿ ಎರಡೂ ತಪ್ಪಿದ್ದವು. ಮಧ್ಯಾಹ್ನ 12.30ಕ್ಕೆ ಎದ್ದವಳು ಬೆಳಗಿನ ಜಾವ 5.30ಕ್ಕೆ 17 ಗಂಟೆ ಎಚ್ಚರವಿದ್ದಳು. ಅಷ್ಟು ಹೊತ್ತು ಎಚ್ಚರವಿದ್ದವರ ಕೈ ಮತ್ತು ಗಮನ ರಕ್ತದಲ್ಲಿ ಶೇ. 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ತೋರಿಸಿದ್ದರು. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕನಿಗಿರುವ ಮಿತಿ ಶೇ. 0.03.

ಸಿಸ್ಟರ್ ಬಹಳ ಹೊತ್ತು ಪಟ್ಟಿಯನ್ನೇ ನೋಡುತ್ತಿದ್ದರು. ಅನಂತರ, "ನಾನು ಇಷ್ಟು ವರ್ಷ ಕೊನೆಯ ಕಾಲಂನಲ್ಲಿ ಎಷ್ಟು ನೈಟ್, ಎಷ್ಟು ಆಫ್ ಅಂತ ಮೇಲಿಂದ ಕೆಳಗೆ ನೋಡುತ್ತಿದ್ದೆ ಮೇಡಂ. ಒಬ್ಬೊಬ್ಬರ ಸಾಲನ್ನು ಎಡದಿಂದ ಬಲಕ್ಕೆ ಓದಿಯೇ ಇರಲಿಲ್ಲ," ಎಂದರು.

ಈ ಮಾತಿನ ನಂತರ ನಮ್ಮ ಕೆಲಸ ಬೇರೆಯಾಯಿತು. ಕೊನೆಯ ಕಾಲಂ ನ್ಯಾಯವನ್ನು ಅಳೆಯುತ್ತದೆ, ಆಯಾಸ ಇರುವುದು ಕ್ರಮದಲ್ಲಿ. ಇದನ್ನು ಬರೀ ಮಾತಿನಲ್ಲಿ ಹೇಳಿದ್ದರೆ ಅವರು ಒಪ್ಪುತ್ತಿರಲಿಲ್ಲವೆಂದು ನನಗೆ ಅನ್ನಿಸಿದ್ದರಿಂದ, ಅದೇ ಐದು ನೈಟ್, ಐದು ಬೆಳಗ್ಗೆ, ಒಂದು ಸಂಜೆ ಮತ್ತು ಮೂರು ಆಫ್ ಇಟ್ಟುಕೊಂಡು ಸಾಲನ್ನು ಮತ್ತೆ ಬರೆಯಲು ಹೇಳಿದೆ. ಅವರು ಮೊದಲ ವಾರ ಸೋಮವಾರ ಬೆಳಗ್ಗೆ, ಮಂಗಳವಾರ ಸಂಜೆ, ಮೂರು ನೈಟ್, ಎರಡು ಆಫ್ ಎಂದು ಬರೆದರು. ಎರಡನೆಯ ವಾರ ನಾಲ್ಕು ಬೆಳಗ್ಗೆ, ಶುಕ್ರವಾರ ಮತ್ತು ಶನಿವಾರ ನೈಟ್, ಭಾನುವಾರ ಆಫ್. ಗಂಟೆ ಅದೇ 92. ಆದರೆ ಯಾವ ಏಳು ದಿನ ತೆಗೆದುಕೊಂಡರೂ 54 ಗಂಟೆ ಮೀರುವುದಿಲ್ಲವಾದ್ದರಿಂದ 8 ಇದ್ದದ್ದು 4 ಆಯಿತು. ಸಂಜೆಯಿಂದ ಮರುದಿನ ಬೆಳಗಿಗೆ ಜಿಗಿಯುವ ಕ್ರಮ ಇಲ್ಲವಾಗಿ ಅತಿ ಕಡಿಮೆ ಬಿಡುವು 14 ಗಂಟೆಯಾಯಿತು, ಅಂಕ 1. ಕೊನೆಯ ಭಾನುವಾರ ನೈಟ್ ಇಳಿದ ದಿನವಾದ್ದರಿಂದ ದೀರ್ಘ ಬಿಡುವು ಹದಿನಾಲ್ಕು ದಿನಕ್ಕೊಮ್ಮೆ ಆಗಿ 1ರ ಬದಲು 2 ಬಂತು. ಇದು ಕೊಟ್ಟ ಬೆಲೆ. ಅತಿ ಉದ್ದದ ಪಾಳಿಯ 2 ಹಾಗೆಯೇ ಉಳಿಯಿತು. ಒಟ್ಟು 17.

ರಾತ್ರಿ ಕೆಲಸದ ಅಂಕವೂ 8ರಿಂದ ಕದಲಲಿಲ್ಲ. ಈ ಅಂಕಪಟ್ಟಿಯ ಕೊರತೆ ಇಲ್ಲಿದೆ: ಹತ್ತು ಗಂಟೆಯ ಮೂರು ನೈಟ್ ಇದ್ದರೂ ಆರು ಇದ್ದರೂ ಅದು ಒಂದೇ ಅಂಕ ಕೊಡುತ್ತದೆ. ಸತತ ರಾತ್ರಿಗಳ ವ್ಯತ್ಯಾಸ ಕಾಣಬೇಕಾದರೆ ಬ್ರಿಟನ್ನಿನ ಸೈಮನ್ ಫೋಕರ್ಡ್ ಮತ್ತು ಫಿಲಿಪ್ ಟಕರ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2003ರಲ್ಲಿ ಕೊಟ್ಟ ಲೆಕ್ಕವನ್ನು ಪಕ್ಕದಲ್ಲಿಡಬೇಕು. ಮೊದಲ ರಾತ್ರಿಗೆ ಹೋಲಿಸಿದರೆ ಅಪಘಾತದ ಸಂಭವ ಎರಡನೆಯ ರಾತ್ರಿ ಸುಮಾರು ಶೇ. 6, ಮೂರನೆಯ ರಾತ್ರಿ ಶೇ. 17, ನಾಲ್ಕನೆಯ ರಾತ್ರಿ ಶೇ. 36ರಷ್ಟು ಹೆಚ್ಚು. ಐದು ನೈಟ್‌ಗಳನ್ನು ಮೂರು ಮತ್ತು ಎರಡಾಗಿ ಒಡೆದದ್ದರ ಲಾಭ ಈ ಏರಿಕೆಯಲ್ಲಿದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಪಟ್ಟಿಗೆ ಸಹಿ ಹಾಕುವ ಮೊದಲು ಪ್ರತಿಯೊಬ್ಬರ ಸಾಲಿಗೂ ಅಂಕ ಹಾಕಿ, ಅಂಚಿನಲ್ಲಿ ಬರೆಯಬೇಕು. ಘಟಕದ ಸರಾಸರಿ ಬೇಡ, ಅದರಲ್ಲಿ ಕೆಟ್ಟ ಸಾಲು ಮುಚ್ಚಿಹೋಗುತ್ತದೆ. ಡಬಲ್ ಡ್ಯೂಟಿ ಸೇರಿದ ಕೂಡಲೇ ಆ ಸಾಲಿಗೆ ಹೊಸದಾಗಿ ಅಂಕ ಹಾಕಬೇಕು, ಅದಕ್ಕೆ ಮೊದಲು "ನಿನ್ನೆ ಮೊನ್ನೆ ಎಷ್ಟು ಗಂಟೆ ಮಲಗಿದಿರಿ?" ಎಂದು ಕೇಳಬೇಕು. 20 ದಾಟಿದ ಸಾಲನ್ನು ಒಡೆಯಲಾಗದಿದ್ದರೆ ಕಾರಣ ಬರೆದು, ಆ ನರ್ಸ್‌ಗೆ ನಡುರಾತ್ರಿ ಒಂದು ಸಣ್ಣ ನಿದ್ದೆಯ ಬಿಡುವು ಕೊಟ್ಟು, 4ರಿಂದ 7ರವರೆಗೆ ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಪಂಪ್‌ಗಳ ಬದಲಾವಣೆಯನ್ನು ಇನ್ನೊಬ್ಬರು ಪ್ರತ್ಯೇಕವಾಗಿ ಪರಿಶೀಲಿಸುವಂತೆ ಮಾಡಬೇಕು. ಈ 20 ಎಂಬ ಗೆರೆ ನಾವಿಬ್ಬರೂ ಆ ಘಟಕಕ್ಕೆ ಎಳೆದುಕೊಂಡದ್ದು. ಅದು ಕಾನೂನಿನ ಮಿತಿಯಲ್ಲ, 19 ಬಂದರೆ ಅಪಾಯವಿಲ್ಲ ಎಂದೂ ಅರ್ಥವಲ್ಲ. ಮನೆಯಲ್ಲಿ ಹಸುಗೂಸಿರುವ ನರ್ಸ್ ಹಗಲು ಮಲಗಲಾರಳು ಎಂಬುದು ಯಾವ ಅಂಕದಲ್ಲೂ ಕಾಣುವುದಿಲ್ಲ.

ಆಪ್ತಸಲಹೆಗಾರರು ಇಂಥ ಲೆಕ್ಕಕ್ಕೆ ಕೈಹಾಕಬೇಕೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಉಸಿರಾಟದ ಅಭ್ಯಾಸ ಮತ್ತು ನಿದ್ದೆಯ ಶಿಸ್ತನ್ನು ಹೇಳಿ ಕಳುಹಿಸಬಹುದಿತ್ತು, ನಿಜ. ಆದರೆ ಈ ಮಹಿಳೆಯ ಕಳವಳ ಕಲ್ಪಿತವಾದದ್ದಲ್ಲ. ಅವರ ಸಹಿಗೂ ಆ ಬೆಳಗಿನ ಜಾವಕ್ಕೂ ಸಂಬಂಧವಿತ್ತು, ಅದು ಅವರಿಗೆ ಅಸ್ಪಷ್ಟವಾಗಿ ತಿಳಿದೂ ಇತ್ತು. ನಿಜವಾದ ಕಾರಣವಿರುವ ಕಳವಳವನ್ನು ಶಮನಗೊಳಿಸುವ ಮೊದಲು ಆ ಕಾರಣವನ್ನು ಕಾಗದದ ಮೇಲೆ ತರಬೇಕೆಂದು ನಾನು ನಂಬಿದ್ದೇನೆ. ಸಿಬ್ಬಂದಿಯೇ ನೈಟ್‌ಗಳನ್ನು ಒಟ್ಟಿಗೆ ಕೇಳುತ್ತಾರೆ, ದೂರದ ಊರಿಗೆ ಹೋಗಿಬರಲು ಎರಡು ದಿನ ಸಿಗಲೆಂದು, ಎಂಬ ವಾದವೂ ಬಂತು. ಆ ಆಸೆ ಸಹಜವಾದದ್ದು. ಆದರೂ ಕೇಳಿ ಪಡೆದ ನಾಲ್ಕನೆಯ ರಾತ್ರಿಯಲ್ಲಿ ಮಿದುಳು ಹೆಚ್ಚು ಎಚ್ಚರವಾಗಿರುವುದಿಲ್ಲ. ಹೊಸ ಸಾಲಿನಲ್ಲೂ ಹದಿನಾಲ್ಕು ದಿನಕ್ಕೊಮ್ಮೆ ಶನಿವಾರ ಮತ್ತು ಭಾನುವಾರ ಒಟ್ಟಿಗೆ ಸಿಗುತ್ತವೆ ಎಂದು ತೋರಿಸಿದಾಗ ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ.

ಮೆಮೊಗೆ ಸಹಿ ಹಾಕಬೇಕೇ ಬೇಡವೇ ಎಂಬುದನ್ನು ನಾನು ಅವರಿಗೇ ಬಿಟ್ಟೆ. ಅವರು 'ನಿರ್ಲಕ್ಷ್ಯ' ಎಂಬ ಪದವಿದ್ದ ಪ್ರತಿಗೆ ಸಹಿ ಹಾಕದೆ, 21 ಮತ್ತು 33ರ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು, ಶುಕ್ರವಾರದ ಡಬಲ್‌ಗೆ ಅನುಮತಿ ಕೊಟ್ಟವರು ತಾವೇ ಎಂದೂ ಅದರಲ್ಲೇ ದಾಖಲಿಸಿ ಹಿಂದಿರುಗಿಸಿದರು. ಮೆಮೊ ಎಚ್ಚರಿಕೆಯ ಪತ್ರವಾಗಿ ಬದಲಾಯಿತು. ಹೆಚ್ಚುವರಿ ನರ್ಸ್ ಬೇಕೆಂಬ ಕೋರಿಕೆಗೆ ಆಡಳಿತ ಒಪ್ಪಲಿಲ್ಲ. ಡಬಲ್ ಡ್ಯೂಟಿ ಇಂದಿಗೂ ನಿಂತಿಲ್ಲ. ಆದರೆ ನೈಟ್‌ನಿಂದ ಇಳಿದವರನ್ನು ಅದೇ ಮಧ್ಯಾಹ್ನ ಅವರು ಕರೆಸುವುದಿಲ್ಲ, ಬೆಳಗಿನ ಪಾಳಿಯವರನ್ನೇ ಸಂಜೆಗೆ ಮುಂದುವರಿಸಿ ಮರುದಿನದ ಡ್ಯೂಟಿಯನ್ನು ಸಂಜೆಗೆ ಸರಿಸುತ್ತಾರೆ.